ಮೊದಲ ಕೆಲಸಗಾರ, ಮೂರು ಕಾಗದ, ಒಂದೇ ತಾರೀಖು

(ಧಾರವಾಡದಲ್ಲಿ ಸಣ್ಣ ಅಂಗಡಿಕಾರರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬಾಯಿಲೆಕ್ಕ ಹೇಳಿ ಮುಂದೆ ಹೋಗಿದ್ದ ಕಡೆ ಇಲ್ಲಿ ಅಂಕಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹೆಚ್ಚಿನವು ಗಂಡ ಹೆಂಡತಿ ಸೇರಿ ನಡೆಸುವ ಅಂಗಡಿಗಳು. ಅಲ್ಲಿ ಮೊದಲ ಕೆಲಸಗಾರ ಬರುವ ರೀತಿ ಹೆಚ್ಚುಕಡಿಮೆ ಒಂದೇ. ಪರಿಚಯದವರು ಒಬ್ಬ ಹುಡುಗನನ್ನು ಕರೆತರುತ್ತಾರೆ. "ನಾಳೆಯಿಂದ ಬಾ, ಒಂದು ವಾರ ನೋಡೋಣ" ಅನ್ನುತ್ತೀರಿ. ಆ ವಾರ ತಿಂಗಳಾಗುತ್ತದೆ, ತಿಂಗಳು ವರ್ಷವಾಗುತ್ತದೆ. ಕಾಗದದ ಮೇಲೆ ಒಂದು ಅಕ್ಷರವೂ ಇರುವುದಿಲ್ಲ.

ನನ್ನ ಆಫೀಸಿನಲ್ಲೂ ಹಾಗೇ ಆಗಿತ್ತು. ನಾನು ಮೊದಲು ಇಟ್ಟುಕೊಂಡ ಸಹಾಯಕ ಎರಡು ವರ್ಷ ಪ್ರಾಮಾಣಿಕವಾಗಿ ದುಡಿದ. ಬಿಟ್ಟು ಹೋಗುವಾಗ ಅಡ್ವಾನ್ಸಿನ ಲೆಕ್ಕದಲ್ಲಿ ಇಬ್ಬರಿಗೂ ಮನಸ್ತಾಪ ಬಂತು. ಎಂಟು ಸಾವಿರ ಬಾಕಿ ಇದೆ ಅಂತ ನಾನು, ದೀಪಾವಳಿಗೆ ಮುರಿದುಕೊಂಡಿದ್ದೀರಿ ಅಂತ ಅವನು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ನೆನಪು ಮಾತ್ರ ಬೇರೆ ಬೇರೆ ಇತ್ತು. ಇನ್ನೊಬ್ಬರ ಲೆಕ್ಕ ಬರೆಯುವ ನಾನು ನನ್ನ ಮನೆಯ ಲೆಕ್ಕವನ್ನೇ ಬರೆದಿರಲಿಲ್ಲ. ಆ ಹುಡುಗ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ನೋವು ಇವತ್ತಿಗೂ ಇದೆ, ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಕೆಲಸಗಾರನ ಜೊತೆ ಬರುವ ಯಾವ ತಕರಾರನ್ನೇ ತೆಗೆದುಕೊಳ್ಳಿ, ಒಳಗೆ ಮೂರೇ ಪ್ರಶ್ನೆ ಇರುತ್ತವೆ. ಯಾವತ್ತಿನಿಂದ ಕೆಲಸಕ್ಕಿದ್ದಾನೆ? ಎಷ್ಟು ಪಗಾರ ಅಂತ ಮಾತಾಗಿತ್ತು? ಕೊಟ್ಟಿದ್ದಕ್ಕೆ ಏನು ಗುರುತು? ಮೊದಲ ಎರಡಕ್ಕೆ ನೇಮಕಾತಿ ಪತ್ರ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ಹಾಜರಿ ಮತ್ತು ಪಗಾರದ ಪುಸ್ತಕ. ಈ ಅಂಗಡಿಯಲ್ಲಿ ಒಬ್ಬ ಕೆಲಸಗಾರ ಇದ್ದಾನೆ ಅಂತ ಸರ್ಕಾರಕ್ಕೆ ಹೇಳುವುದು ನೋಂದಣಿ. ಮೂರರಲ್ಲೂ ಒಂದೇ ಹೆಸರು, ಒಂದೇ ತಾರೀಖು, ಒಂದೇ ಮೊತ್ತ ಇರಬೇಕು. ಒಂದು ಕಡೆ ಜೂನ್ 2, ಇನ್ನೊಂದು ಕಡೆ ಜುಲೈ 1 ಅಂತಿದ್ದರೆ ಆ ಕಾಗದ ನಿಮಗೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ.

ಒಂದು ಅಂಗಡಿಯನ್ನು ಹಿಡಿದು ಹೇಳುತ್ತೇನೆ. ಕಾಲೇಜಿನ ಹತ್ತಿರ ಒಬ್ಬ ಅಕ್ಕ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಎರಡು ಜೆರಾಕ್ಸ್ ಮೆಷಿನ್ನು, ಡಿಟಿಪಿಗೆ ಒಂದು ಕಂಪ್ಯೂಟರ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಮೂಲೆಯಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮೆಷಿನ್ನು. ಅಡ್ಮಿಶನ್ ಶುರುವಾಗುವ ಹೊತ್ತಿಗೆ ಒಬ್ಬ ಹುಡುಗ ಬೇಕಾಯಿತು. ಕೆಲಸಕ್ಕೆ ಇಟ್ಟುಕೊಳ್ಳುವ ಮುಂಚೆಯೇ ಅವರು ನನ್ನ ಹತ್ತಿರ ಬಂದರು. ಹಾಗೆ ಮುಂಚೆ ಬರುವವರು ಕಡಿಮೆ.

ಮೊದಲು ಕೇಳಿದ್ದು, "ಅಕ್ಕಾರ, ಲೇಬರ್ ಲೈಸೆನ್ಸ್ ಐತೇನ್ರೀ?" ಅವರು ತೋರಿಸಿದ್ದು ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಮತ್ತು ಉದ್ಯಮ್ ನೋಂದಣಿ. ಇವೆರಡೂ ಬೇರೆ. ಜನ ಲೇಬರ್ ಲೈಸೆನ್ಸ್ ಅನ್ನುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಗೆ. ಅಂಗಡಿ ತೆರೆದ 30 ದಿನದೊಳಗೆ ಇದನ್ನು ಮಾಡಿಸಬೇಕು. ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಪ್ರಮಾಣಪತ್ರ 5 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಅರ್ಜಿಯಲ್ಲಿ ಕೆಲಸಗಾರರ ಸಂಖ್ಯೆ ಕೇಳುತ್ತಾರೆ, ಶುಲ್ಕವೂ ಆ ಸಂಖ್ಯೆಯ ಮೇಲೆಯೇ. ಸೊನ್ನೆ ಅಂತ ತುಂಬಿ ಪ್ರಮಾಣಪತ್ರ ತೆಗೆದುಕೊಂಡವರು ಈಗ ಒಬ್ಬನನ್ನು ಇಟ್ಟುಕೊಂಡರೆ ಆ ಬದಲಾವಣೆಯನ್ನು ಇಲಾಖೆಗೆ ತಿಳಿಸಬೇಕು. ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿ ಸೊನ್ನೆ ಇದೆ, ಕೌಂಟರಿನಲ್ಲಿ ಹುಡುಗ ನಿಂತಿದ್ದಾನೆ ಅಂದರೆ ನಿರೀಕ್ಷಕರು ಬಂದಾಗ ಮೊದಲು ಕಾಣುವುದು ಅದೇ.

ಇಲ್ಲಿ ಒಂದು ಮಾತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ, ಪಿಎಫ್, ಇಎಸ್‌ಐ ಕಾಯ್ದೆಗಳೆಲ್ಲ ಅವುಗಳೊಳಗೆ ಸೇರಿಹೋದವು. ನಮ್ಮ ರಾಜ್ಯದ ಅಂಗಡಿ ಕಾಯ್ದೆ ಮಾತ್ರ ಸೇರಿಲ್ಲ, ತನ್ನ ಪಾಡಿಗೆ ಹಾಗೇ ಇದೆ. ಆದ್ದರಿಂದ ಸಣ್ಣ ಅಂಗಡಿಯವರು ಎರಡನ್ನು ನೋಡಿಕೊಳ್ಳಬೇಕು: ಕೆಲಸದ ಹೊತ್ತು, ರಜೆ, ನೇಮಕಾತಿ ಪತ್ರಕ್ಕೆ ರಾಜ್ಯದ ಕಾಯ್ದೆ, ಪಗಾರದ ವಿಷಯಕ್ಕೆ ವೇತನ ಸಂಹಿತೆ.

ಈಗ ನೇಮಕಾತಿ ಪತ್ರ. ದೊಡ್ಡ ಕಂಪನಿಗಳ ಪತ್ರ ನೋಡಿ ಹೆದರಬೇಡಿ. ಅಂಗಡಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು, ಒಬ್ಬನೇ ಕೆಲಸಗಾರನಿದ್ದರೂ ಕೊಡಬೇಕು. ಅದಕ್ಕೆ ನಮೂನೆ 'ಕ್ಯೂ' ಅಂತ ಒಂದು ಪುಟದ ನಮೂನೆ ಇದೆ. ಅಂಗಡಿಯ ಹೆಸರು ವಿಳಾಸ, ಮಾಲೀಕರ ಹೆಸರು, ಕೆಲಸಗಾರನ ಹೆಸರು ವಿಳಾಸ, ಹುಟ್ಟಿದ ತಾರೀಖು, ಕೆಲಸಕ್ಕೆ ಸೇರಿದ ತಾರೀಖು, ಕೆಲಸ ಯಾವುದು, ಪಗಾರ ಎಷ್ಟು. ಇಷ್ಟು ತುಂಬಿ ಸಹಿ ಹಾಕಬೇಕು. ಕಾಯ್ದೆ 30 ದಿನ ಕೊಟ್ಟಿದ್ದರೂ ಸೇರಿದ ದಿನವೇ ಕೊಡಿ ಅನ್ನುತ್ತೇನೆ. ಆಮೇಲೆ ಕೊಡುವವರು ಯಾವಾಗಲೂ ತಾರೀಖಿನಲ್ಲೇ ಎಡವುತ್ತಾರೆ.

ನಮೂನೆಯ ಕೆಳಗೆ ಅಕ್ಕನವರು ಕನ್ನಡದಲ್ಲೇ ಬರೆದ ಷರತ್ತುಗಳು ಹೀಗಿದ್ದವು:

"ಕೆಲಸದ ವೇಳೆ ಬೆಳಿಗ್ಗೆ 9.30ರಿಂದ ಸಂಜೆ 6.30. ಮಧ್ಯಾಹ್ನ ಒಂದು ತಾಸು ಊಟದ ಬಿಡುವು. ಭಾನುವಾರ ಪಗಾರ ಸಹಿತ ರಜೆ. ತಿಂಗಳ ಪಗಾರ 18,200 ರೂಪಾಯಿ, ಮುಂದಿನ ತಿಂಗಳು 5ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ. ಕೆಲಸ: ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಶನ್, ಕೌಂಟರ್ ವ್ಯವಹಾರ. ಕಟಿಂಗ್ ಮೆಷಿನ್ನು ಕಲಿಸಿದ ಮೇಲೆ ಮಾತ್ರ ಮುಟ್ಟತಕ್ಕದ್ದು. ಅಡ್ವಾನ್ಸ್ ಕೊಟ್ಟರೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕತಕ್ಕದ್ದು."

ಇಷ್ಟೇ. ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ. ಒಂದು ಅವನಿಗೆ, ಒಂದು ಅಂಗಡಿಯ ಫೈಲಿಗೆ. ಫೈಲಿನ ಪ್ರತಿಯ ಮೇಲೆ "ಒಂದು ಪ್ರತಿ ಪಡೆದಿದ್ದೇನೆ" ಅಂತ ಅವನ ಕೈಯಿಂದಲೇ ಬರೆಸಿ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಮಾತ್ರ ಇಟ್ಟುಕೊಳ್ಳಬೇಡಿ. ಹುಡುಗ ಓಡಿಹೋಗದಿರಲಿ ಅಂತ ಕೆಲವರು ಅದನ್ನು ಇಟ್ಟುಕೊಳ್ಳುತ್ತಾರೆ. ಅದು ಅವನ ಮುಂದಿನ ದಾರಿ ಕಟ್ಟಿದಂತೆ, ಮತ್ತು ತಕರಾರು ಬಂದರೆ ಮೊದಲು ನಿಮ್ಮನ್ನೇ ಸಿಕ್ಕಿಸುತ್ತದೆ.

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಪತ್ರಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಮಾಲೀಕರು ಯಾವಾಗ ಬೇಕಾದರೂ ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು. ಈ ಸಾಲು ನಿಲ್ಲುವುದಿಲ್ಲ. ಸತತವಾಗಿ 6 ತಿಂಗಳು ದುಡಿದವನನ್ನು ತೆಗೆಯಲು ನಮ್ಮ ಅಂಗಡಿ ಕಾಯ್ದೆ ಸರಿಯಾದ ಕಾರಣ ಕೇಳುತ್ತದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಒಂದು ತಿಂಗಳ ಪಗಾರವನ್ನೂ ಕೇಳುತ್ತದೆ. ಹುಡುಗ ಸರಿಹೊಂದುತ್ತಾನೋ ಇಲ್ಲವೋ ಅನ್ನುವುದನ್ನು ಆ 6 ತಿಂಗಳೊಳಗೇ ನೋಡಿ ತೀರ್ಮಾನಿಸಬೇಕು. ಪ್ರೊಬೇಷನ್ ಅಂತ ಬರೆದು ಎರಡು ವರ್ಷ ಎಳೆದರೆ ಅದಕ್ಕೆ ಬೆಲೆಯಿಲ್ಲ. ಸೇರಿದ ತಾರೀಖು ಯಾಕೆ ಮುಖ್ಯ ಅನ್ನುವುದು ಇಲ್ಲಿ ತಿಳಿಯುತ್ತದೆ, 6 ತಿಂಗಳ ಎಣಿಕೆ ಶುರುವಾಗುವುದೇ ಅಲ್ಲಿಂದ.

18,200 ಯಾಕೆ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇದು ಎಲ್ಲರಿಗೂ ಹೊಂದುವ ಅಂಕಿಯಲ್ಲ. 26ರಿಂದ ಭಾಗಿಸಿದರೆ ದಿನಕ್ಕೆ ಸರಿಯಾಗಿ 700 ಬರುತ್ತದೆ, ಹಾಗಾಗಿ ಲೆಕ್ಕಕ್ಕೆ ಅನುಕೂಲ. ನಿಮ್ಮ ಅಂಗಡಿಗೆ ಎಷ್ಟಿರಬೇಕು ಅನ್ನುವುದು ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಅಧಿಸೂಚನೆಯಲ್ಲಿದೆ. ಅದರಲ್ಲಿ ಮೂರು ನೋಡಿ: ನಿಮ್ಮದು ಯಾವ ಉದ್ಯೋಗದ ಪಟ್ಟಿ, ನಿಮ್ಮ ಊರು ಯಾವ ವಲಯ, ಅವನ ಕೆಲಸ ಯಾವ ದರ್ಜೆ. ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿಸಿದರೆ ಸಿಗುವುದು ಕನಿಷ್ಠ, ಅದಕ್ಕಿಂತ ಕಡಿಮೆಗೆ ಅವನೇ ಒಪ್ಪಿ ಸಹಿ ಹಾಕಿದರೂ ನಡೆಯದು. ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಜನ ತಪ್ಪುವುದು ಇಲ್ಲೇ. ಜನವರಿಯಲ್ಲಿ ಕನಿಷ್ಠಕ್ಕೆ ಸರಿಯಾಗಿ ಪಗಾರ ಗೊತ್ತುಮಾಡಿರುತ್ತಾರೆ, ಏಪ್ರಿಲ್‌ನಲ್ಲಿ ಅದು ತನ್ನಷ್ಟಕ್ಕೆ ಕನಿಷ್ಠಕ್ಕಿಂತ ಕೆಳಗೆ ಇಳಿದಿರುತ್ತದೆ, ಯಾರ ಗಮನಕ್ಕೂ ಬಂದಿರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 1ಕ್ಕೆ ಗುರುತು ಹಾಕಿಬಿಡಿ. ಮನೆಬಾಡಿಗೆ ಭತ್ಯೆ, ಓಡಾಟದ ಭತ್ಯೆ ಅಂತ ಪಗಾರವನ್ನು ಚೂರು ಮಾಡುವ ಅಗತ್ಯ ಒಬ್ಬ ಕೆಲಸಗಾರನ ಅಂಗಡಿಗೆ ಇಲ್ಲ. ಮೂಲವೇತನ, ತುಟ್ಟಿಭತ್ಯೆ ಎರಡೇ ಸಾಲು ಸಾಕು.

ಇನ್ನು ಪುಸ್ತಕಕ್ಕೆ ಬರೋಣ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಬಿಡುವುದು ಇದನ್ನೇ.

ವೇತನ ಸಂಹಿತೆಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಪಗಾರ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಅಂತ ಕೆಲಸಗಾರ ದೂರು ಕೊಟ್ಟರೆ, ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಹೊಣೆ ಮಾಲೀಕನದು. ಅವನು ಸಾಬೀತು ಮಾಡಬೇಕಿಲ್ಲ, ನೀವು ಮಾಡಬೇಕು. ದೂರು ಕೊಡಲು ಅವನಿಗೆ 3 ವರ್ಷ ಅವಕಾಶವಿದೆ. ಹುಡುಗ ಬಿಟ್ಟುಹೋಗಿ ಎರಡು ವರ್ಷದ ಮೇಲೆ ಯಾವ ತಿಂಗಳು ಎಷ್ಟು ಕೊಟ್ಟಿರಿ ಅಂತ ಕೇಳಿದರೆ ನಿಮ್ಮ ಪರವಾಗಿ ಮಾತಾಡುವುದು ಈ ಪುಸ್ತಕ ಒಂದೇ.

ಅಕ್ಕನವರು ಒಂದು ಉದ್ದನೆಯ ರಿಜಿಸ್ಟರ್ ತಂದರು. ಎಡ ಪುಟದಲ್ಲಿ ಹಾಜರಿ: ತಾರೀಖು, ಬಂದ ಹೊತ್ತು, ಹೋದ ಹೊತ್ತು, ಸಹಿ. ಬಲ ಪುಟದಲ್ಲಿ ಆ ತಿಂಗಳ ಪಗಾರ. ಹಾಜರಿಯನ್ನು ಅವನೇ ದಿನಾ ಬರೆಯಬೇಕು. ತಿಂಗಳ ಕೊನೆಗೆ ಒಟ್ಟಿಗೆ ಬರೆಸಿದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ. 26 ಸಹಿಗೂ ಒಂದೇ ಪೆನ್ನು, ಒಂದೇ ಒತ್ತು, ಒಂದು ಸಾಲಿನ ಓರೆ ಮುಂದಿನ ಸಾಲಿಗೂ ಹೋಗಿರುತ್ತದೆ. ಅಂಗಡಿ ಮುಚ್ಚಿದ್ದ ಆಗಸ್ಟ್ 15ಕ್ಕೂ 9.30ಕ್ಕೆ ಬಂದ ಅಂತ ಬರೆದಿರುತ್ತದೆ. ನಿಜವಾದ ಪುಸ್ತಕದಲ್ಲಿ ಒಂದು ದಿನ 9.40, ಇನ್ನೊಂದು ದಿನ 9.25 ಇರುತ್ತದೆ, ಒಂದು ದಿನ ಕೆಂಪು ಪೆನ್ನು, ಒಂದು ಮೂಲೆಯಲ್ಲಿ ಚಹಾದ ಕಲೆ.

ಪರೀಕ್ಷೆಯ ತಿಂಗಳ ಲೆಕ್ಕ ನೋಡೋಣ. ಆ ತಿಂಗಳು ಹುಡುಗನಿಗೆ ಒಂದು ದಿನ ಜ್ವರ ಬಂದು ಮಲಗಿದ. ಇನ್ನೊಂದು ದಿನ ಹೇಳದೆ ಕೇಳದೆ ತಪ್ಪಿಸಿದ. ಪ್ರಾಜೆಕ್ಟ್ ರಿಪೋರ್ಟುಗಳ ಗದ್ದಲದ ವಾರದಲ್ಲಿ ಆರೂ ದಿನ ಬಂದು, ಮೂರು ಸಂಜೆ ಎರಡೆರಡು ತಾಸು ಹೆಚ್ಚಿಗೆ ನಿಂತ. ಅದರ ಹಿಂದಿನ ತಿಂಗಳು 2,000 ಅಡ್ವಾನ್ಸ್ ತೆಗೆದುಕೊಂಡಿದ್ದ, ತಿಂಗಳಿಗೆ ಸಾವಿರದಂತೆ ಮುರಿಯುವ ಮಾತಾಗಿತ್ತು.

ಅಕ್ಕನವರು ಮೊದಲು ಎರಡೂ ದಿನದ ಪಗಾರ ಹಿಡಿದಿದ್ದರು, 1,400. ಜ್ವರದ ದಿನ ಹಿಡಿಯುವ ಹಾಗಿಲ್ಲ ಅಂದೆ. ಕಾಯಿಲೆ ಕಸಾಲೆ, ಅಪಘಾತ ಇಂಥ ತಕ್ಕ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಪಗಾರ ಸಹಿತ ರಜೆ ಅಂಗಡಿ ಕಾಯ್ದೆಯಲ್ಲೇ ಇದೆ. ಅದಲ್ಲದೆ ದುಡಿದ 20 ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆ ಬೇರೆ. ಹಾಗಾಗಿ ಹಿಡಿಯುವುದು ಒಂದೇ ದಿನ, 700.

ಹೆಚ್ಚಿನ ದುಡಿಮೆಗೆ ದುಪ್ಪಟ್ಟು. ದಿನಕ್ಕೆ 700, ತಾಸುಗಳು 8, ತಾಸಿಗೆ 87 ರೂಪಾಯಿ 50 ಪೈಸೆ. ದುಪ್ಪಟ್ಟು 175. ಆರು ತಾಸಿಗೆ 1,050. ಇಲ್ಲೂ ಮಿತಿಯಿದೆ. ಹೆಚ್ಚಿನ ದುಡಿಮೆ ಸೇರಿ ದಿನಕ್ಕೆ 10 ತಾಸು ದಾಟಬಾರದು, ಮೂರು ತಿಂಗಳಿಗೆ ಒಟ್ಟು 50 ತಾಸು ದಾಟಬಾರದು. "ಸಂಜೆ ಸ್ವಲ್ಪ ನಿಲ್ಲಪಾ" ಅನ್ನುವುದು ದಿನದ ರೂಢಿಯಾದರೆ ಅದು ಈ ಮಿತಿಯನ್ನು ಬೇಗ ಮೀರುತ್ತದೆ.

ಈಗ ಬಲ ಪುಟ: 18,200ರಲ್ಲಿ 700 ಕಳೆದರೆ 17,500. 1,050 ಕೂಡಿಸಿದರೆ 18,550. ಅಡ್ವಾನ್ಸಿನ 1,000 ಮುರಿದರೆ ಕೈಗೆ 17,550. ಅಡ್ವಾನ್ಸ್ ಬಾಕಿ 1,000. ಈ ಐದಾರು ಸಾಲನ್ನೇ ಒಂದು ಚೀಟಿಯಲ್ಲಿ ಬರೆದು ಅವನಿಗೆ ಕೊಡಬೇಕು. ಅದೇ ಪಗಾರ ಚೀಟಿ, ಕಾಯ್ದೆಯ ಪ್ರಕಾರ ಕೊಡಲೇಬೇಕಾದದ್ದು. ಒಟ್ಟು ಕಡಿತ ಪಗಾರದ ಅರ್ಧ ದಾಟಬಾರದು. ತಿಂಗಳ ಪಗಾರ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಸೇರಬೇಕು, ಅಕ್ಕನವರು 5 ಅಂತ ಬರೆದದ್ದು ಎರಡು ದಿನ ಕೈಯಲ್ಲಿರಲಿ ಅಂತ.

ಹಣವನ್ನು ಬ್ಯಾಂಕಿಗೇ ಹಾಕಿ. ನಗದಾಗಿ ಕೊಡಬಾರದು ಅಂತಿಲ್ಲ. ಆದರೆ ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪುವುದಿಲ್ಲ. ಪುಸ್ತಕ ಬರೆದು ಲಾಭ ತೋರಿಸುವವರಿಗೆ ಇದು ನೇರ ಪೆಟ್ಟು. ವಹಿವಾಟಿನ ಮೇಲೆ ಶೇಕಡಾವಾರು ಅಂದಾಜು ಲಾಭ ತೋರಿಸುವವರಿಗೆ ತೆರಿಗೆಯ ಪೆಟ್ಟಿಲ್ಲ, ಆದರೆ ರುಜುವಾತಿನ ಹೊಣೆ ಅವರಿಗೂ ತಪ್ಪದು. ಬ್ಯಾಂಕಿನ ಸ್ಟೇಟ್‌ಮೆಂಟು ನೀವು ಬರೆಯದೆಯೇ ಬರೆದುಕೊಳ್ಳುವ ಪುಸ್ತಕ.

ಸಭೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನೇರವಾಗಿ ಕೇಳಿದರು, "ಅಲ್ರೀ, ಇಷ್ಟೆಲ್ಲಾ ಬರೆದಿಟ್ರ ಪಿಎಫ್, ಇಎಸ್‌ಐ ಎಲ್ಲಾ ಬಂದು ಕುತ್ತಿಗಿಗೆ ಬೀಳ್ತಾವಲ್ರೀ?"

ಬೀಳುವುದಿಲ್ಲ. ಅವು ಬರುವುದು ತಲೆಯೆಣಿಕೆಯ ಮೇಲೆ. ಇಎಸ್‌ಐಗೆ 10 ಜನ, ಪಿಎಫ್‌ಗೆ 20 ಜನ. ಗ್ರಾಚ್ಯುಟಿಗೂ 10 ಜನ. ಒಬ್ಬನೇ ಇದ್ದರೆ ಈ ಮೂರೂ ಕಡ್ಡಾಯವಲ್ಲ. ಪುಸ್ತಕ ಬರೆದದ್ದಕ್ಕೆ ಇವು ಬರುವುದಿಲ್ಲ, ಬರೆಯದಿದ್ದರೆ ತಪ್ಪುವುದೂ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡವರಿಗೆ ಕಂಪನಿ ನೋಂದಣಿಯ ಜೊತೆಗೇ ಪಿಎಫ್, ಇಎಸ್‌ಐ ನಂಬರು ಬಂದಿರುತ್ತದೆ, ಅದನ್ನು ನೋಡಿ ಗಾಬರಿ ಬೀಳುತ್ತಾರೆ. ನಂಬರು ಬಂದ ಮಾತ್ರಕ್ಕೆ ವಂತಿಗೆ ಶುರುವಾಗದು, ತಲೆಯೆಣಿಕೆ ಮುಟ್ಟಬೇಕು. ಒಬ್ಬನಿದ್ದಾಗಲೇ ಇವೆಲ್ಲ ಕಡ್ಡಾಯ ಅಂತ ಹೇಳಿ ದುಡ್ಡು ಕೇಳುವ ಏಜೆಂಟರಿದ್ದಾರೆ, ಅವರ ಮಾತಿಗೆ ಹೋಗಬೇಡಿ.

ವೃತ್ತಿ ತೆರಿಗೆಯಲ್ಲಿ ಎರಡು ಇದೆ. ವ್ಯಾಪಾರಿಯಾಗಿ ನೀವು ಕಟ್ಟುವುದು ಒಂದು, ಅದು ಹೇಗೂ ನಡೆಯುತ್ತಿರುತ್ತದೆ. ಕೆಲಸಗಾರನ ಪಗಾರದಿಂದ ಹಿಡಿದು ಕಟ್ಟುವುದು ಇನ್ನೊಂದು. ಈ ಎರಡನೆಯದು ತಿಂಗಳಿಗೆ 25,000 ಅಥವಾ ಹೆಚ್ಚು ಪಗಾರ ಇದ್ದವರಿಗೆ ಮಾತ್ರ. 18,200ಕ್ಕೆ ಇಲ್ಲ. ಹುಡುಗನ ಪಗಾರ ಮುಂದೆ 25,000 ಮುಟ್ಟಿದ ತಿಂಗಳು ಮಾಲೀಕನಾಗಿ ಬೇರೆ ನೋಂದಣಿ ಬೇಕಾಗುತ್ತದೆ, ಅದನ್ನು ನೆನಪಿಡಿ.

ನನಗೆ ನಿಜವಾಗಿ ಚಿಂತೆಯಿರುವುದು ಇನ್ನೊಂದರ ಬಗ್ಗೆ, ಆ ಮೂಲೆಯ ಕಟಿಂಗ್ ಮೆಷಿನ್ನಿನ ಬಗ್ಗೆ. ಇಎಸ್‌ಐ ಇಲ್ಲ ಅಂದರೆ ಹಗುರಾಯಿತು ಅಂದುಕೊಳ್ಳುತ್ತೇವೆ. ಇಎಸ್‌ಐ ಇರುವ ಕಡೆ ಕೆಲಸದಲ್ಲಿ ಬೆರಳು ಹೋದರೆ ಚಿಕಿತ್ಸೆ, ಪರಿಹಾರ ಎಲ್ಲ ಅದೇ ನೋಡಿಕೊಳ್ಳುತ್ತದೆ. ಇಲ್ಲದ ಕಡೆ ಪರಿಹಾರದ ಹೊಣೆ ಮಾಲೀಕನ ಮೇಲೆ ಬರುತ್ತದೆ. ಸಾವು ಸಂಭವಿಸಿದರೆ ತಿಂಗಳ ಪಗಾರದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ. ಇಪ್ಪತ್ತರ ಹರೆಯದವನಿಗೆ ಆ ಗುಣಕ 200ಕ್ಕಿಂತ ಹೆಚ್ಚು. ಅಂದರೆ ಮೊತ್ತ ಹತ್ತು ಲಕ್ಷ ದಾಟುತ್ತದೆ, ಅಂಗಡಿಯನ್ನೇ ಮಾರಬೇಕಾದೀತು. ನಮ್ಮ ಅಂಗಡಿಯ ಕೆಲಸ ಆ ಕಾನೂನಿನ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಅಂತ ವಾದ ಮಾಡುವ ಹೊತ್ತಿಗೆ ಹುಡುಗನ ಬೆರಳು ಹೋಗಿರುತ್ತದೆ. ವಿಮಾ ಕಂಪನಿಗಳು ನೌಕರರ ಪರಿಹಾರ ಪಾಲಿಸಿ ಕೊಡುತ್ತವೆ, ಏಜೆಂಟರು ಇನ್ನೂ ಅದಕ್ಕೆ ವರ್ಕ್‌ಮೆನ್ ಪಾಲಿಸಿ ಅನ್ನುತ್ತಾರೆ. ಒಬ್ಬನಿಗೂ ಸಿಗುತ್ತದೆ. ಪ್ರೀಮಿಯಂ ಪಗಾರ ಮತ್ತು ಕೆಲಸದ ಬಗೆಯ ಮೇಲೆ ಹೋಗುತ್ತದೆ. ಅರ್ಜಿಯಲ್ಲಿ ಬರೀ ಕೌಂಟರ್ ಕೆಲಸ ಅಂತ ಬರೆಸಬೇಡಿ. ಮೆಷಿನ್ನಿನ ಕೆಲಸ ಇದ್ದರೆ ಹಾಗೇ ಬರೆಸಿ, ಇಲ್ಲದಿದ್ದರೆ ಕ್ಲೇಮಿನ ಹೊತ್ತಿಗೆ ಅದನ್ನೇ ಮುಂದಿಟ್ಟು ತಳ್ಳುತ್ತಾರೆ. ನೇಮಕಾತಿ ಪತ್ರದ ಕೆಲಸದ ಸಾಲೂ ಪಾಲಿಸಿಯ ಸಾಲೂ ಒಂದೇ ಇರಬೇಕು. ಕಾಯ್ದೆ ಇದನ್ನು ನಿಮ್ಮ ಮೇಲೆ ಹೇರದಿದ್ದರೂ ನಾನು ಇದನ್ನೇ ಮೊದಲು ಮಾಡಿಸಿ ಅನ್ನುತ್ತೇನೆ.

ಅಕ್ಕನವರ ಹುಡುಗನ ಮಾತು ಮುಗಿಸುತ್ತೇನೆ. ಏಪ್ರಿಲ್‌ನಲ್ಲಿ ಅವನ ಪಗಾರ 18,850 ಆಯಿತು, ದಿನಕ್ಕೆ 725. ಬೈಕಿನ ಸಾಲಕ್ಕೆ ಬ್ಯಾಂಕಿನವರು ಮೂರು ತಿಂಗಳ ಪಗಾರ ಚೀಟಿ ಕೇಳಿದಾಗ ಅವನ ಹತ್ತಿರ ಇದ್ದವು. ಆಮೇಲೆ ಒಂದು ದಿನ ಬೆಂಗಳೂರಲ್ಲಿ ಬೇರೆ ಕೆಲಸ ಸಿಕ್ಕಿದೆ ಅಂತ ಬಂದು ಹೇಳಿದ. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು ಅನ್ನುವುದು ವೇತನ ಸಂಹಿತೆಯ ನಿಯಮ. ಮುಂದಿನ ತಿಂಗಳು ಬಾ ಅನ್ನುವ ಹಾಗಿಲ್ಲ. ಆ ತಿಂಗಳು ಅವನು ದುಡಿದದ್ದು 10 ದಿನ, 7,250. ಹೊಸದಾಗಿ ಕೊಟ್ಟಿದ್ದ ಅಡ್ವಾನ್ಸಿನಲ್ಲಿ ಬಾಕಿ 500. ಉಳಿದದ್ದು 6,750. ಅಕ್ಕನವರು ಮಾರನೆಯ ದಿನವೇ ಖಾತೆಗೆ ಹಾಕಿದರು, ಅನುಭವದ ಪತ್ರವನ್ನೂ ಕೊಟ್ಟರು. ಅಡ್ವಾನ್ಸಿನ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಅದರ ಪಕ್ಕದಲ್ಲಿ ಹುಡುಗ ಸಹಿ ಹಾಕಿದ. ಈಗ ಊರಿಗೆ ಬಂದಾಗಲೆಲ್ಲ ಆ ಅಂಗಡಿಗೆ ಹೋಗಿ ಚಹಾ ಕುಡಿದು ಬರುತ್ತಾನೆ.